ಸೀನಿಯರ್ ಹತ್ತಿರ ಇಪ್ಪತ್ತು ನಿಮಿಷ ಕೇಳುವುದು ಹೇಗೆ

(ಎಂಜಿನಿಯರಿಂಗ್ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ, ಆರನೇ ಸೆಮಿಸ್ಟರ್ ವಿದ್ಯಾರ್ಥಿಗಳ ಮುಂದೆ ಹಳೆಯ ವಿದ್ಯಾರ್ಥಿನಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ನಿಮ್ಮ ಎಚ್‌ಓಡಿ ನನಗೆ ಕೊಟ್ಟ ವಿಷಯ ‘ಚಿಪ್ ಉದ್ಯಮದಲ್ಲಿ ಅವಕಾಶಗಳು’. ಅದರ ಬಗ್ಗೆ ನೀವು ಯೂಟ್ಯೂಬ್‌ನಲ್ಲಿ ನನಗಿಂತ ಜಾಸ್ತಿ ನೋಡಿರುತ್ತೀರಿ. ಹಾಗಾಗಿ ನಾನು ಇವತ್ತು ಒಂದು ಸಣ್ಣ ಕೆಲಸದ ಬಗ್ಗೆ ಮಾತ್ರ ಮಾತಾಡುತ್ತೇನೆ. ಇದೇ ಬೆಂಚುಗಳಲ್ಲಿ ಕೂತು ಓದಿ ಹೋದ ಒಬ್ಬರಿಗೆ ಮೆಸೇಜ್ ಬರೆದು, ಇಪ್ಪತ್ತು ನಿಮಿಷ ಮಾತಾಡಲು ಸಮಯ ಕೇಳುವುದು. ಈ ಮೆಸೇಜ್ ಸರಿಯಾಗಿ ಬರೆದರೆ ಉತ್ತರ ಬರುತ್ತದೆ. ಬರೆಯದಿದ್ದರೆ ಬರುವುದಿಲ್ಲ. ಆಗ ಸೀನಿಯರ್‌ಗಳಿಗೆ ಅಹಂಕಾರ ಅಂತ ನಿಮಗೆ ಅನಿಸುತ್ತದೆ. ಅದು ನಿಜ ಅಲ್ಲ, ಯಾಕೆ ಅಂತ ಹೇಳುತ್ತೇನೆ.

ನನಗೆ ಬರುವ ಮೆಸೇಜ್‌ಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: ‘ಹಾಯ್ ಮೇಡಂ, ನಾನು ಇ ಅಂಡ್ ಸಿ ವಿದ್ಯಾರ್ಥಿ. ವಿಎಲ್‌ಎಸ್‌ಐನಲ್ಲಿ ತುಂಬ ಆಸಕ್ತಿ ಇದೆ. ದಯವಿಟ್ಟು ಗೈಡ್ ಮಾಡಿ. ರೆಸ್ಯುಮೆ ಲಗತ್ತಿಸಿದ್ದೇನೆ.’ ಇದನ್ನು ಬರೆದ ಹುಡುಗ ಒಳ್ಳೆಯವನೇ. ಆದರೆ ನಾನು ಏನು ಮಾಡಬೇಕು ಹೇಳಿ. ಗೈಡ್ ಮಾಡಿ ಅಂದರೆ ಯಾವುದಕ್ಕೆ? ಫೋನಿನಲ್ಲೋ, ಬರೆದೋ? ಅವನಿಗೆ ಈಗಾಗಲೇ ಎಷ್ಟು ಗೊತ್ತಿದೆ? ರೆಸ್ಯುಮೆ ಕಳಿಸಿದ್ದಾನೆ ಅಂದರೆ ಕೆಲಸ ಕೇಳುತ್ತಿದ್ದಾನಾ? ಇಷ್ಟನ್ನೂ ನಾನೇ ಊಹಿಸಿ, ನಾನೇ ತಿರುಗಿ ಕೇಳಿ, ನಾನೇ ಸಮಯ ಹೊಂದಿಸಬೇಕು. ಸಂಜೆ ನೋಡೋಣ ಅಂತ ಬಿಡುತ್ತೇವೆ. ಸಂಜೆ ಇನ್ನೊಂದು ಕೆಲಸ ಬರುತ್ತದೆ. ಹೀಗೆ ಅದು ಕೆಳಗೆ ಹೋಗಿಬಿಡುತ್ತದೆ.

ಹಾಗಾದರೆ ಉತ್ತರ ಸಿಗುವ ಮೆಸೇಜ್ ಹೇಗಿರುತ್ತದೆ? ಒಂದನ್ನು ಓದಿ ಹೇಳುತ್ತೇನೆ. ಬೇರೆ ಕಾಲೇಜಿನ, ನಿಮ್ಮಷ್ಟೇ ವಯಸ್ಸಿನ ಹುಡುಗಿ ಬರೆದದ್ದು. ಅವಳನ್ನು ಕೇಳಿಯೇ ಇಲ್ಲಿ ಓದುತ್ತಿದ್ದೇನೆ, ಹೆಸರು ಬೇಡ ಅಂದಿದ್ದಾಳೆ. ನಾನು ಅವಳ ಕಾಲೇಜಿನವಳಲ್ಲ, ನನ್ನ ಎಂ.ಟೆಕ್ ಮಾತ್ರ ಅಲ್ಲಿ ಆಗಿದ್ದು. ಅವಳು ಅದನ್ನೂ ಹುಡುಕಿ ತಿಳಿದುಕೊಂಡಿದ್ದಳು.

‘ನಮಸ್ತೆ ಮೇಡಂ. ನೀವು ಎಂ.ಟೆಕ್ ಮಾಡಿದ ಕಾಲೇಜಿನಲ್ಲಿ ನಾನು ಇ ಅಂಡ್ ಸಿ ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ನೀವು ಎರಡು ವರ್ಷ ಫಿಸಿಕಲ್ ಡಿಸೈನ್ ಮಾಡಿ ಆಮೇಲೆ ವೆರಿಫಿಕೇಶನ್‌ಗೆ ಬಂದಿದ್ದೀರಿ ಎಂದು ನಿಮ್ಮ ಪ್ರೊಫೈಲ್‌ನಲ್ಲಿ ಓದಿದೆ. ಈ ಎರಡರಲ್ಲಿ ಒಂದನ್ನು ನಾನು ಈ ರಜೆಯೊಳಗೆ ಆರಿಸಿಕೊಳ್ಳಬೇಕು. ಅದರ ಬಗ್ಗೆ ನಿಮ್ಮ ಜೊತೆ ಫೋನಿನಲ್ಲಿ 20 ನಿಮಿಷ ಮಾತಾಡಬಹುದೇ? ಕೇಳಬೇಕೆಂದಿರುವುದು ಮೂರು.

ಒಂದು, ಫಿಸಿಕಲ್ ಡಿಸೈನ್ ಬಿಡಲು ದಿನನಿತ್ಯದ ಕೆಲಸದಲ್ಲಿ ಯಾವ ಸಂಗತಿ ಕಾರಣವಾಯಿತು? ಎರಡು, ನಾನು ವೆರಿಲಾಗ್‌ನಲ್ಲಿ 8 ಸ್ಥಾನಗಳ ಫಿಫೋ ಬರೆದು, ಅದಕ್ಕೆ ಟೆಸ್ಟ್‌ಬೆಂಚ್ ಮಾಡಿದ್ದೇನೆ. ಇಂಥ ಪ್ರಾಜೆಕ್ಟ್ ಹೇಳಿದ ಫ್ರೆಶರ್‌ಗೆ ನೀವು ಮುಂದೆ ಏನು ಕೇಳುತ್ತೀರಿ? ಮೂರು, ನಿಮ್ಮ ತಂಡಕ್ಕೆ ಬಂದ ಫ್ರೆಶರ್‌ಗಳು ಗೇಟ್ ಬರೆದು ಎಂ.ಟೆಕ್ ಮಾಡಿ ಬಂದವರೋ, ಟ್ರೇನಿಂಗ್ ಇನ್‌ಸ್ಟಿಟ್ಯೂಟ್‌ನಿಂದ ಬಂದವರೋ? ಕೆಲಸಕ್ಕೆ ಸೇರಿದ ಮೇಲೆ ಅವರಲ್ಲಿ ಏನು ವ್ಯತ್ಯಾಸ ಕಾಣುತ್ತದೆ?

ನನಗೆ ಅನುಕೂಲವಾಗುವ ಸಮಯ: ಮಾರ್ಚ್ 14 ಶನಿವಾರ ಬೆಳಿಗ್ಗೆ 10ರಿಂದ 12, ಮಾರ್ಚ್ 17 ಮಂಗಳವಾರ ಮಧ್ಯಾಹ್ನ 1ರಿಂದ 2, ಮಾರ್ಚ್ 28 ಶನಿವಾರ ಇಡೀ ದಿನ. ಮಾರ್ಚ್ 23ರಿಂದ 25ರವರೆಗೆ ಇಂಟರ್ನಲ್ಸ್ ಇದೆ. ಅದನ್ನು ಬಿಟ್ಟು ನೀವು ಬೇರೆ ಯಾವ ದಿನ ಹೇಳಿದರೂ ಹೊಂದಿಸಿಕೊಳ್ಳುತ್ತೇನೆ. ನಾನೇ ಕಾಲ್ ಮಾಡುತ್ತೇನೆ. ರೆಫರಲ್ ಕೇಳುತ್ತಿಲ್ಲ. ಮಾತಾಡಲು ಆಗದಿದ್ದರೆ ಎರಡನೇ ಪ್ರಶ್ನೆಗೆ ಒಂದೆರಡು ಸಾಲು ಬರೆದರೂ ನನಗೆ ಸಾಕು.’

ಇಷ್ಟೇ. ಇದನ್ನು ಓದಿದ ತಕ್ಷಣ ನಾನು ‘14ಕ್ಕೆ 10:30’ ಅಂತ ಬರೆದೆ. ನಾನು ಮಾಡಬೇಕಾದ ಕೆಲಸ ಅಷ್ಟೇ ಉಳಿದಿತ್ತು. ಅವಳು ಬರೆದದ್ದು ಇಂಗ್ಲಿಷ್‌ನಲ್ಲಿ, ನಿಮಗೆ ಕನ್ನಡದಲ್ಲಿ ಹೇಳಿದೆ. ಸೀನಿಯರ್ ಕನ್ನಡದವರು ಅಂತ ಗೊತ್ತಿದ್ದರೆ ಕನ್ನಡದಲ್ಲೇ ಬರೆಯಿರಿ, ಯಾರೂ ಕಡಿಮೆ ಅಂದುಕೊಳ್ಳುವುದಿಲ್ಲ. ಕರೆಯುವುದು ಹೇಗೆ ಅಂತ ಕೆಲವರಿಗೆ ಗೊಂದಲ. ಕಾಲೇಜಿನಲ್ಲಿ ನೀವು ಮುಖ ನೋಡಿದ ಸೀನಿಯರ್ ಆದರೆ ಅಣ್ಣ, ಅಕ್ಕ ಸರಿ. ನೋಡಿಲ್ಲದವರಿಗೆ ಸರ್, ಮೇಡಂ. ಅವರೇ ಅಕ್ಕ ಅನ್ನು ಅಂದರೆ ಆಮೇಲೆ ಅನ್ನಿ.

ಈಗ ಆ ಮೂರು ಪ್ರಶ್ನೆ ನೋಡೋಣ. ಇಡೀ ಮೆಸೇಜ್‌ನಲ್ಲಿ ಮುಖ್ಯವಾದದ್ದು ಅದೇ. ಆ ಹುಡುಗಿ ಮೊದಲು ಬರೆದುಕೊಂಡಿದ್ದ ಪ್ರಶ್ನೆಗಳನ್ನು ಆಮೇಲೆ ನನಗೆ ತೋರಿಸಿದಳು. ‘ವೆರಿಫಿಕೇಶನ್‌ನಲ್ಲಿ ಸ್ಕೋಪ್ ಹೇಗಿದೆ? ಯಾವ ಸ್ಕಿಲ್ಸ್ ಬೇಕು? ಫಿಸಿಕಲ್ ಡಿಸೈನ್ ಒಳ್ಳೆಯದಾ?’ ಹೀಗಿದ್ದವು. ಸ್ಕೋಪ್ ಹೇಗಿದೆ ಅಂದರೆ ಚೆನ್ನಾಗಿದೆ ಅನ್ನಬಹುದು. ಯಾವ ಸ್ಕಿಲ್ಸ್ ಅಂದರೆ ಸಿಸ್ಟಂವೆರಿಲಾಗ್, ಯುವಿಎಂ ಅನ್ನಬಹುದು. ಇದು ಯಾವ ಜಾಬ್ ಪೋಸ್ಟಿಂಗ್ ತೆಗೆದು ನೋಡಿದರೂ ಇರುತ್ತದೆ. ಅದಕ್ಕೆ ನಾನು ಯಾಕೆ ಬೇಕು?

ಅವಳು ಮಾಡಿದ್ದು ಇಷ್ಟು. ಪ್ರತಿ ಪ್ರಶ್ನೆಯ ಎದುರು ‘ಇದಕ್ಕೆ ಬೇರೆಯವರೂ ಇದೇ ಉತ್ತರ ಕೊಡುತ್ತಾರಾ?’ ಅಂತ ನೋಡಿಕೊಂಡಳು. ಹೌದು ಅನಿಸಿದ್ದನ್ನೆಲ್ಲ ಹೊಡೆದುಹಾಕಿ, ನನ್ನ ಪ್ರೊಫೈಲ್ ಮತ್ತೆ ಓದಿದಳು. ಎರಡು ವರ್ಷಕ್ಕೆ ಕ್ಷೇತ್ರ ಬದಲಾಯಿಸಿದ್ದೇನೆ ಅನ್ನುವುದು ಅಲ್ಲಿ ಎದ್ದು ಕಾಣುತ್ತಿತ್ತು. ಮೊದಲ ಪ್ರಶ್ನೆ ಅಲ್ಲಿಂದ ಬಂತು. ನಾನು ಕೊಟ್ಟ ಉತ್ತರವೂ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಫಿಸಿಕಲ್ ಡಿಸೈನ್‌ನಲ್ಲಿ ನೆಟ್‌ಲಿಸ್ಟ್ ಹಿಡಿದು ಫ್ಲೋರ್‌ಪ್ಲಾನ್, ಪ್ಲೇಸ್‌ಮೆಂಟ್, ಕ್ಲಾಕ್ ಟ್ರೀ, ರೂಟಿಂಗ್ ಹೀಗೆ ಸಾಗುತ್ತೇವೆ. ಒಂದು ದೊಡ್ಡ ಬ್ಲಾಕ್ ಆದರೆ ಒಂದು ರನ್ ಮುಗಿಯಲು ಗಂಟೆಗಟ್ಟಲೆ ಬೇಕು, ಕೆಲವೊಮ್ಮೆ ರಾತ್ರಿಯಿಡೀ ಓಡುತ್ತದೆ. ಬೆಳಿಗ್ಗೆ ಬಂದು ಟೈಮಿಂಗ್ ರಿಪೋರ್ಟ್ ತೆಗೆದು ಎಲ್ಲಿ ತಪ್ಪಿದೆ ನೋಡಿ, ಸ್ಕ್ರಿಪ್ಟ್ ತಿದ್ದಿ, ಮತ್ತೆ ಓಡಿಸಬೇಕು. ಆ ಕೆಲಸವನ್ನು ಪ್ರೀತಿಸುವವರು ಇದ್ದಾರೆ, ನನ್ನ ಪಕ್ಕದಲ್ಲೇ ಇದ್ದರು. ನನಗೆ ಬೇಕಿದ್ದದ್ದು ಬೇರೆ. ಡಿಸೈನ್ ಎಲ್ಲಿ ಮುರಿಯುತ್ತದೆ ಅಂತ ಹುಡುಕುವುದು, ಅದಕ್ಕೆ ಕೋಡ್ ಬರೆಯುವುದು ನನಗೆ ಇಷ್ಟ. ಈ ಮಾತು ಕೇಳಿ ಅವಳು ತಾನು ಯಾವ ಥರದವಳು ಅಂತ ಯೋಚಿಸಬಹುದು, ಅಲ್ವಾ?

ಎರಡನೇ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಯಾಕೆಂದರೆ ಅವಳು ತಾನು ಮಾಡಿದ ಕೆಲಸವನ್ನೇ ನನ್ನ ಮುಂದೆ ಇಟ್ಟಿದ್ದಳು. ಫಿಫೋ ನಿಮಗೆಲ್ಲ ಗೊತ್ತು. ಮೊದಲು ಒಳಗೆ ಹೋದ ಡೇಟಾ ಮೊದಲು ಹೊರಗೆ ಬರುತ್ತದೆ. ಒಳಗೆ ಎಷ್ಟು ಇದೆ ಅಂತ ತಿಳಿಯಲು ಅವಳು ಒಂದು ಕೌಂಟ್ ಇಟ್ಟಿದ್ದಳು. ರೈಟ್ ಆದರೆ ಒಂದು ಜಾಸ್ತಿ, ರೀಡ್ ಆದರೆ ಒಂದು ಕಮ್ಮಿ. ಕಾಲ್‌ನಲ್ಲಿ ನಾನು ಕೇಳಿದೆ: ‘ಒಂದೇ ಕ್ಲಾಕ್‌ನಲ್ಲಿ ರೈಟ್, ರೀಡ್ ಎರಡೂ ಬಂದರೆ ಕೌಂಟ್ ಏನಾಗಬೇಕು?’ ಒಂದು ಒಳಗೆ, ಒಂದು ಹೊರಗೆ, ಹಾಗಾಗಿ ಇದ್ದಷ್ಟೇ ಇರಬೇಕು ಅಂದಳು. ‘ನಿನ್ನ ಕೋಡ್‌ನಲ್ಲಿ ಏನಾಗುತ್ತದೆ?’ ಸುಮ್ಮನಾದಳು. ಆಮೇಲೆ ಕೋಡ್ ಓದಿ ಹೇಳಿದಳು, ಅದು ಹೀಗಿತ್ತು:

```
if (wr_en && !full)
  count <= count + 1;
else if (rd_en && !empty)
  count <= count - 1;
```

ನಿಮಗೆ ಕಾಣುತ್ತಿದೆಯಾ? ರೈಟ್ ಮೊದಲು ಬಂದಿದೆ. ಫಿಫೋ ತುಂಬಿರದಿದ್ದಾಗ ಎರಡೂ ಒಟ್ಟಿಗೆ ಬಂದರೆ ಕೆಳಗಿನ ಸಾಲಿಗೆ ಹೋಗುವುದೇ ಇಲ್ಲ. ಒಳಗೆ ಮೂರೇ ಇದ್ದರೂ ಕೌಂಟ್ ನಾಲ್ಕು ಅನ್ನುತ್ತದೆ. ಅವಳ ಟೆಸ್ಟ್‌ಬೆಂಚ್ ಇದನ್ನು ಹಿಡಿದಿರಲಿಲ್ಲ. ಮೊದಲು ಎಂಟು ಬರೆದು, ಆಮೇಲೆ ಎಂಟು ಓದಿ, ಸರಿ ಇದೆ ಅಂತ ಮುಗಿಸಿದ್ದಳು. ಎರಡೂ ಒಟ್ಟಿಗೆ ಬರುವ ಸಂದರ್ಭ ಅಲ್ಲಿ ಒಮ್ಮೆಯೂ ಬಂದಿರಲಿಲ್ಲ. ವೆರಿಫಿಕೇಶನ್ ಎಂಜಿನಿಯರ್‌ನ ಕೆಲಸ ಏನು ಅಂತ ಅವಳಿಗೆ ಆ ಐದು ನಿಮಿಷದಲ್ಲಿ ಗೊತ್ತಾಯಿತು. ‘ಯಾವ ಸ್ಕಿಲ್ಸ್ ಬೇಕು’ ಅಂತ ಕೇಳಿದ್ದರೆ ನಾನು ಒಂದು ಪಟ್ಟಿ ಓದುತ್ತಿದ್ದೆ, ಅವಳು ಬರೆದುಕೊಳ್ಳುತ್ತಿದ್ದಳು, ಅಷ್ಟೇ ಆಗುತ್ತಿತ್ತು.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಮಾಡಿದ ಪ್ರಾಜೆಕ್ಟ್ ಏನೂ ಇಲ್ಲ ಅಂತ ಕೆಲವರು ಹಿಂಜರಿಯುತ್ತೀರಿ. ಫಿಫೋ ಬರೆಯಲು ದುಡ್ಡಿನ ಟೂಲ್ ಬೇಡ. ಐಕಾರಸ್ ವೆರಿಲಾಗ್ ಉಚಿತ, ವೇವ್‌ಫಾರ್ಮ್ ನೋಡಲು ಜಿಟಿಕೆವೇವ್ ಉಚಿತ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಒಂದು ವಾರ ಕೂತು ಮಾಡಿ, ಎಲ್ಲಿ ಸಿಕ್ಕಿಹಾಕಿಕೊಂಡಿರೋ ಅಲ್ಲಿಂದಲೇ ನಿಮ್ಮ ಪ್ರಶ್ನೆ ಹುಟ್ಟುತ್ತದೆ.

ಕೇಳಬಾರದ ಪ್ರಶ್ನೆಗಳೂ ಇವೆ. ನೀವು ಈಗ ಯಾವ ಚಿಪ್ ಮಾಡುತ್ತಿದ್ದೀರಿ, ನಿಮ್ಮ ಕಂಪನಿಯ ಇಂಟರ್‌ವ್ಯೂ ಪ್ರಶ್ನೆ ಕಳಿಸಿ, ಇಂಥವನ್ನು ಕೇಳಬೇಡಿ. ಕೆಲಸಕ್ಕೆ ಸೇರುವಾಗ ಇಂಥ ವಿಷಯ ಹೊರಗೆ ಹೇಳುವುದಿಲ್ಲ ಅಂತ ನಾವು ಸಹಿ ಹಾಕಿರುತ್ತೇವೆ. ಸಂಬಳದ ಬಗ್ಗೆ ಕೇಳಬಹುದು, ಆದರೆ ‘ನಿಮಗೆಷ್ಟು’ ಅಂತಲ್ಲ. ‘ಈ ಕೆಲಸಕ್ಕೆ ಬೆಂಗಳೂರಿನಲ್ಲಿ ಫ್ರೆಶರ್‌ಗೆ ಎಷ್ಟರಿಂದ ಎಷ್ಟು ನಿರೀಕ್ಷಿಸಬಹುದು’ ಅಂತ ಕೇಳಿ. ಅದನ್ನೂ ಮೆಸೇಜ್‌ನಲ್ಲಿ ಬೇಡ, ಮಾತಿನ ಮಧ್ಯೆ ಕೇಳಿ.

ಮೂರೇ ಪ್ರಶ್ನೆ ಯಾಕೆ ಅಂದರೆ ಇಪ್ಪತ್ತು ನಿಮಿಷಕ್ಕೆ ಅಷ್ಟೇ ಹಿಡಿಸುವುದು. ಪರಿಚಯಕ್ಕೆ ಎರಡು ನಿಮಿಷ. ಒಂದೊಂದು ಪ್ರಶ್ನೆಗೆ ಐದು ನಿಮಿಷ. ಉಳಿದ ಮೂರು ನಿಮಿಷ, ಮಾತಿನಲ್ಲಿ ಹೊಸದಾಗಿ ಎದ್ದ ವಿಷಯಕ್ಕೆ. ಎಂಟು ಪ್ರಶ್ನೆ ಕಳಿಸಿದರೆ ಇದು ಒಂದು ಗಂಟೆಯ ಕೆಲಸ ಅಂತ ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ, ನೀವು ಇಪ್ಪತ್ತು ನಿಮಿಷ ಅಂದದ್ದನ್ನು ನಂಬುವುದಿಲ್ಲ. ಅರ್ಧ ಗಂಟೆ ಕೇಳಿದರೇನು ಅಂತ ಅನಿಸಬಹುದು. ನಮ್ಮ ಮೀಟಿಂಗ್‌ಗಳು ಸಾಮಾನ್ಯವಾಗಿ ಅರ್ಧ ಗಂಟೆಯ ಲೆಕ್ಕದಲ್ಲೇ ಇರುತ್ತವೆ. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವಿನ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಮಾತಾಡಿದರೆ, ನೀರು ಕುಡಿದು ಮುಂದಿನದಕ್ಕೆ ಕೂರಲು ಹತ್ತು ನಿಮಿಷ ಉಳಿಯುತ್ತದೆ. ಕ್ಯಾಬ್‌ನಲ್ಲಿ ಮನೆಗೆ ಹೋಗುವಾಗಲೂ ಇಪ್ಪತ್ತು ನಿಮಿಷ ಸಿಗುತ್ತದೆ.

ಇನ್ನು ಸಮಯದ ವಿಷಯ. ‘ಯಾವಾಗ ಬೇಕಾದರೂ ಸರಿ ಮೇಡಂ, ಎನಿಟೈಮ್’ ಅಂತ ಬರೆಯುವುದೇ ವಿನಯ ಅಂತ ನೀವು ಅಂದುಕೊಂಡಿದ್ದೀರಿ. ನಿಮ್ಮ ಉದ್ದೇಶ ಒಳ್ಳೆಯದು. ಆದರೆ ಎನಿಟೈಮ್ ಅಂದಾಗ ಕ್ಯಾಲೆಂಡರ್ ತೆಗೆದು ಹುಡುಕುವ ಕೆಲಸ ಅವರ ಪಾಲಿಗೆ ಬೀಳುತ್ತದೆ. ಅದೂ ಅಲ್ಲದೆ ಅದು ನಿಜವೂ ಅಲ್ಲ. ಮಂಗಳವಾರ 11 ಗಂಟೆಗೆ ಅಂದರೆ ನೀವು ಲ್ಯಾಬ್‌ನಲ್ಲಿರುತ್ತೀರಿ. ಆಗ ಸಮಯ ಬದಲಾಯಿಸಿ ಅಂತ ಮತ್ತೆ ಬರೆಯಬೇಕು.

ಆ ಹುಡುಗಿ ಕೊಟ್ಟ ಸಮಯ ಗಮನಿಸಿ. ಮೂರೂ ಬೇರೆ ಬೇರೆ ಥರದವು. ಒಂದು ವಾರಾಂತ್ಯದ ಬೆಳಿಗ್ಗೆ, ಒಂದು ಕೆಲಸದ ದಿನದ ಊಟದ ಹೊತ್ತು, ಒಂದು ಎರಡು ವಾರ ಆಚೆಗಿನ ಪೂರ್ತಿ ದಿನ. ಯುಗಾದಿಯ ವಾರಾಂತ್ಯವನ್ನು ಬಿಟ್ಟಿದ್ದಾಳೆ, ಆಗ ಎಲ್ಲರೂ ಊರಿಗೆ ಹೋಗಿರುತ್ತಾರೆ ಅಂತ. ವಾರದ ದಿನ ರಾತ್ರಿ 8, 9 ಗಂಟೆ ಹೇಳಿಲ್ಲ. ಆಫೀಸ್ ಮುಗಿದ ಮೇಲೆ ಬಿಡುವು ಇರುತ್ತದೆ ಅಂತ ನೀವು ಅಂದುಕೊಳ್ಳುತ್ತೀರಿ. ಚಿಪ್ ಕಂಪನಿಗಳಲ್ಲಿ ಹಲವರಿಗೆ ಅದೇ ಅಮೆರಿಕದ ತಂಡದ ಜೊತೆ ಕಾಲ್ ಇರುವ ಹೊತ್ತು. ಅದರಲ್ಲೂ ಟೇಪ್‌ಔಟ್ ಹತ್ತಿರ ಇದ್ದರೆ, ಅಂದರೆ ಡಿಸೈನ್ ಮುಗಿಸಿ ಚಿಪ್ ತಯಾರಿಸುವ ಫ್ಯಾಬ್‌ಗೆ ಕಳಿಸುವ ದಿನ ಹತ್ತಿರ ಇದ್ದರೆ, ವಾರಾಂತ್ಯವೂ ಇರುವುದಿಲ್ಲ. ಅಂಥ ಸಮಯದಲ್ಲಿ ‘ಮುಂದಿನ ತಿಂಗಳು ಮಾತಾಡೋಣ’ ಅಂತ ಉತ್ತರ ಬಂದರೆ ಅದು ನಯವಾಗಿ ಬೇಡ ಅಂದದ್ದಲ್ಲ. ಮುಂದಿನ ತಿಂಗಳ ಮೊದಲ ವಾರ ಹೊಸ ದಿನಾಂಕ ಹಾಕಿ ಮತ್ತೆ ಬರೆಯಿರಿ.

ಸೀನಿಯರ್ ಹೊರದೇಶದಲ್ಲಿದ್ದರೆ ಇನ್ನೊಂದು ತೊಡಕಿದೆ. ಅಮೆರಿಕದ ಆಸ್ಟಿನ್‌ನಲ್ಲಿ ಚಿಪ್ ಕಂಪನಿಗಳು ಬೇಕಾದಷ್ಟಿವೆ, ನಮ್ಮ ಕಾಲೇಜಿನವರೂ ಇದ್ದಾರೆ. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ 10 ಗಂಟೆ 30 ನಿಮಿಷ ಹಿಂದೆ. ಚಳಿಗಾಲದಲ್ಲಿ 11 ಗಂಟೆ 30 ನಿಮಿಷ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ಫೆಬ್ರವರಿಯಲ್ಲಿ ಕೂತು ಮಾರ್ಚ್ ಕೊನೆಗೆ ಸಮಯ ಗೊತ್ತು ಮಾಡಿದರೆ ಒಂದು ಗಂಟೆ ಹೆಚ್ಚುಕಮ್ಮಿ ಆಗುವುದು ಇಲ್ಲೇ. ದಿನವೂ ಬದಲಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಶನಿವಾರ ಬೆಳಿಗ್ಗೆ 8 ಅಂದರೆ ಅವರಿಗೆ ಶುಕ್ರವಾರ ರಾತ್ರಿ 9:30. ವಾರವಿಡೀ ದುಡಿದು ಕೂತವರಿಗೆ ಆ ಹೊತ್ತಿಗೆ ಫೋನ್ ಮಾಡಬೇಡಿ. ನಮ್ಮ ಶನಿವಾರ ಸಂಜೆ 7:30 ಇಟ್ಟರೆ ಅವರಿಗೆ ಶನಿವಾರ ಬೆಳಿಗ್ಗೆ 9, ಕಾಫಿ ಹೊತ್ತು. ಎರಡೂ ಸಮಯ ಒಂದೇ ಸಾಲಿನಲ್ಲಿ ಬರೆಯಿರಿ: ‘ಶನಿವಾರ, ನಿಮಗೆ ಬೆಳಿಗ್ಗೆ 9, ಇಲ್ಲಿ ಸಂಜೆ 7:30’. ಲೆಕ್ಕ ಹಾಕುವ ಕೆಲಸ ನಿಮ್ಮದು.

ರೆಫರಲ್ ಬಗ್ಗೆ ಹೇಳಿಬಿಡುತ್ತೇನೆ, ಎಲ್ಲರ ಮನಸ್ಸಿನಲ್ಲಿರುವುದು ಅದೇ. ರೆಫರಲ್ ಕೇಳುವುದು ತಪ್ಪಲ್ಲ. ಆದರೆ ಅದಕ್ಕೆ ಬೇಕಾದದ್ದು ಬೇರೆ. ಖಾಲಿ ಇರುವ ಒಂದು ನಿರ್ದಿಷ್ಟ ಹುದ್ದೆ ಬೇಕು, ಅದರ ಜಾಬ್ ಐಡಿ ಬೇಕು, ನಿಮ್ಮ ರೆಸ್ಯುಮೆ ಬೇಕು. ಅದು ಪ್ರತ್ಯೇಕ ಮೆಸೇಜ್. ಮಾತಾಡಬೇಕು ಅಂತ ಕರೆದು, ಹದಿನೈದನೇ ನಿಮಿಷಕ್ಕೆ ‘ಮೇಡಂ ಒಂದು ರೆಫರಲ್’ ಅಂದರೆ, ಮೊದಲು ಕೇಳಿದ ಪ್ರಶ್ನೆಗಳೆಲ್ಲ ನೆಪ ಅನಿಸಿಬಿಡುತ್ತದೆ. ಮೊದಲ ಮೆಸೇಜ್‌ಗೆ ರೆಸ್ಯುಮೆ ಲಗತ್ತಿಸಬೇಡಿ ಅನ್ನುವುದೂ ಇದಕ್ಕೇ.

ಉತ್ತರ ಬರದಿದ್ದರೆ? ಏಳರಿಂದ ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ. ಹಳೆಯ ಮೆಸೇಜ್‌ನ ಕೆಳಗೇ ಬರೆಯಿರಿ, ಹೊಸ ದಿನಾಂಕ ಕೊಡಿ, ಹಳೆಯವು ಅಷ್ಟರಲ್ಲಿ ಮುಗಿದಿರುತ್ತವೆ. ಅದಕ್ಕೂ ಬರದಿದ್ದರೆ ಬಿಟ್ಟು ಇನ್ನೊಬ್ಬರಿಗೆ ಬರೆಯಿರಿ. ಒಂದೇ ತಂಡದ ನಾಲ್ವರಿಗೆ ಒಂದೇ ಮೆಸೇಜ್ ಹೆಸರು ಬದಲಾಯಿಸಿ ಕಳಿಸಬೇಡಿ. ನಾವು ಒಟ್ಟಿಗೇ ಊಟಕ್ಕೆ ಕೂರುತ್ತೇವೆ, ‘ನನಗೂ ಬಂತು’ ಅನ್ನುವ ಮಾತು ಬಂದೇ ಬರುತ್ತದೆ. ಆಮೇಲೆ ನಾಲ್ವರೂ, ಇನ್ನೊಬ್ಬರು ಮಾತಾಡುತ್ತಾರೆ ಬಿಡು ಅಂತ ಸುಮ್ಮನಾಗುತ್ತಾರೆ.

ಕಾಲ್ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಸ್ಟೆಲ್‌ನಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ರೆಕಾರ್ಡ್ ಮಾಡಬೇಡಿ, ಪೆನ್ನು ಕಾಗದ ಇಟ್ಟುಕೊಳ್ಳಿ. ಹದಿನೆಂಟನೇ ನಿಮಿಷಕ್ಕೆ ನೀವೇ ‘ಇನ್ನು ಎರಡು ನಿಮಿಷ ಇದೆ ಮೇಡಂ’ ಅನ್ನಿ. ಮುಂದುವರಿಸುವ ಮನಸ್ಸಿದ್ದರೆ ಅವರೇ ಮುಂದುವರಿಸುತ್ತಾರೆ. ಆ ದಿನ ನಾವು ಮಾತು ಮುಗಿಸಿದಾಗ 11:15 ಆಗಿತ್ತು, ಅದು ನಾನಾಗಿಯೇ ಬೆಳೆಸಿದ್ದು.

ಮರುದಿನ ಅವಳಿಂದ ಒಂದು ಮೇಲ್ ಬಂತು. ಧನ್ಯವಾದ ಒಂದೇ ಸಾಲು. ಉಳಿದದ್ದು ಕೆಲಸದ ವಿಷಯ. ಎರಡೂ ಒಟ್ಟಿಗೆ ಬರುವ ಟೆಸ್ಟ್ ಸೇರಿಸಿ ಓಡಿಸಿದ್ದಳು, ಕೌಂಟ್ ತಪ್ಪುವ ವೇವ್‌ಫಾರ್ಮ್‌ನ ಚಿತ್ರ ಹಾಕಿದ್ದಳು, ತಿದ್ದಿದ ಕೋಡ್ ಕೊಟ್ಟಿದ್ದಳು. ಟ್ರೇನಿಂಗ್ ಇನ್‌ಸ್ಟಿಟ್ಯೂಟ್‌ಗೆ ಈಗಲೇ ಫೀಸು ಕಟ್ಟುವುದಿಲ್ಲ, ಮೊದಲು ರಜೆಯಲ್ಲಿ ಸಿಸ್ಟಂವೆರಿಲಾಗ್‌ನಲ್ಲಿ ಇದೇ ಟೆಸ್ಟ್‌ಬೆಂಚ್ ಮತ್ತೆ ಬರೆಯುತ್ತೇನೆ, ಆಮೇಲೆ ತೀರ್ಮಾನ ಅಂದಿದ್ದಳು. ನಾನು ಅದಕ್ಕೆ, ನಮ್ಮ ತಂಡದ ಇನ್ನೊಬ್ಬರನ್ನು ಮೊದಲೇ ಕೇಳಿಕೊಂಡು, ಅವರ ಮೇಲ್ ವಿಳಾಸ ಕೊಟ್ಟೆ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ: ಸೀನಿಯರ್‌ಗಳ ವಿಳಾಸವೇ ಇಲ್ಲದಿದ್ದರೆ ಏನು ಮಾಡುವುದು? ಒಳ್ಳೆಯ ಪ್ರಶ್ನೆ. ಯಾರಿಂದಲೋ ಫೋನ್ ನಂಬರ್ ತೆಗೆದುಕೊಂಡು ನೇರ ಕಾಲ್ ಮಾಡಬೇಡಿ, ಅದು ಬೇಡ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟಕ್ಕೆ ಹೋದರೆ ಅಲಮ್ನೈ ಅಂತ ಒಂದು ಭಾಗ ಇದೆ. ಅಲ್ಲಿ ಕಂಪನಿ, ಊರು, ಕೆಲಸ ಹಾಕಿ ಹುಡುಕಬಹುದು. ಆದರೆ ಕನೆಕ್ಷನ್ ರಿಕ್ವೆಸ್ಟ್ ಜೊತೆ ಬರೆಯಲು ಸಿಗುವುದು ಒಂದೆರಡು ಸಾಲು ಮಾತ್ರ. ಅದರಲ್ಲಿ ಮೂರು ಪ್ರಶ್ನೆ ತುರುಕಬೇಡಿ. ‘ಅದೇ ಕಾಲೇಜು, ಆರನೇ ಸೆಮ್. ಫಿಸಿಕಲ್ ಡಿಸೈನ್‌ನಿಂದ ವೆರಿಫಿಕೇಶನ್‌ಗೆ ಬಂದದ್ದರ ಬಗ್ಗೆ ಮೂರು ಪ್ರಶ್ನೆ ಇದೆ, ಕಳಿಸಬಹುದೇ?’ ಇಷ್ಟು ಸಾಕು. ಒಪ್ಪಿದ ಮೇಲೆ ಪೂರ್ತಿ ಮೆಸೇಜ್ ಕಳಿಸಿ. ಅಲ್ಲೂ ಸಿಗದವರಿಗೆ ನಿಮ್ಮ ವಿಭಾಗದ ಅಲಮ್ನೈ ಕೋಆರ್ಡಿನೇಟರ್ ಇದ್ದಾರೆ. ನೀವು ಬರೆದ ಮೆಸೇಜ್ ಅವರ ಕೈಗೆ ಕೊಟ್ಟು, ಇದನ್ನು ಮುಂದೆ ಕಳಿಸಿ ಸರ್ ಅನ್ನಿ. ಬರೆದು ಸಿದ್ಧ ಇರುವುದನ್ನು ಫಾರ್ವರ್ಡ್ ಮಾಡಲು ಅವರಿಗೂ ಸುಲಭ.